ಹದಿನೈದು ಲಕ್ಷದ ಆಫರ್‌ನಲ್ಲಿ ತಿಂಗಳಿಗೆ ಕೈ ಸೇರುವುದೆಷ್ಟು?

ಬೆಂಗಳೂರಿನ ಕಂಪನಿಯೊಂದರಿಂದ ಮಗಳಿಗೆ ಆಫರ್ ಲೆಟರ್ ಬಂದಿದೆ ಎಂದರೆ ಮನೆಯವರೆಲ್ಲ ಮೊದಲು ಓದುವುದು ಮೊದಲ ಪುಟವನ್ನು. ಹುದ್ದೆಯ ಹೆಸರು, ಕೆಲಸಕ್ಕೆ ಸೇರುವ ತಾರೀಖು, ವರ್ಷಕ್ಕೆ ಹದಿನೈದು ಲಕ್ಷ. ಅಪ್ಪ ಆ ಹದಿನೈದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಒಂದೂಕಾಲು ಲಕ್ಷ ಎನ್ನುತ್ತಾರೆ. ಬಾಡಿಗೆ ಮನೆ, ತಮ್ಮನ ಕಾಲೇಜು ಫೀಸು, ಊರಿನ ಮನೆಯ ಸಾಲದ ಕಂತು ಎಲ್ಲವೂ ಆ ಒಂದೂಕಾಲು ಲಕ್ಷದ ಮೇಲೆ ತೀರ್ಮಾನವಾಗುತ್ತವೆ. ಮೊದಲ ತಿಂಗಳು ಬ್ಯಾಂಕಿನಿಂದ ಬಂದ ಸಂದೇಶದಲ್ಲಿ ಎಂಬತ್ತೈದು ಸಾವಿರ ಚಿಲ್ಲರೆ ಇರುತ್ತದೆ.

ಯಾರೂ ಮೋಸ ಮಾಡಿಲ್ಲ. ಉಳಿದ ಹಣದ ಲೆಕ್ಕವೆಲ್ಲ ಆಫರ್ ಲೆಟರಿನ ಕೊನೆಯ ಪುಟದಲ್ಲೇ ಇದೆ. ‘ಅನೆಕ್ಷರ್’ ಎಂಬ ತಲೆಬರಹದಡಿ ಒಂದು ಪಟ್ಟಿ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಎಂಟು ಹತ್ತು ಟಿಪ್ಪಣಿಗಳು. ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ, ಟಿಪ್ಪಣಿಗಳನ್ನು ಓದುವವರು ಕಡಿಮೆ. ಪಟ್ಟಿಯ ಯಾವ ಸಾಲು ಖಚಿತ, ಯಾವುದು ಏರಿಳಿಯುವಂಥದ್ದು, ಯಾವುದಕ್ಕೆ ಷರತ್ತು ಅಂಟಿದೆ ಎಂಬುದು ಗೊತ್ತಾಗುವುದು ಆ ಟಿಪ್ಪಣಿಗಳಿಂದಲೇ.

ಮೂರು ನಾಲ್ಕು ವರ್ಷ ಅನುಭವವಿರುವ ಸಾಫ್ಟ್‌ವೇರ್ ಉದ್ಯೋಗಿಗೆ ಸಾಮಾನ್ಯವಾಗಿ ಬರುವ ಮಾದರಿಯಲ್ಲಿ ಒಂದು ಅನೆಕ್ಷರ್ ಕಟ್ಟಿಕೊಂಡು ಸಾಲು ಸಾಲಾಗಿ ಓದೋಣ. ಕಂಪನಿ ಕಾಲ್ಪನಿಕ, ಲೆಕ್ಕದ ರೀತಿ ಮಾತ್ರ ನಿಜವಾದದ್ದೇ. ಎಲ್ಲವೂ ವಾರ್ಷಿಕ ಮೊತ್ತ, ರೂಪಾಯಿಗಳಲ್ಲಿ:

ಬೇಸಿಕ್ – 6,00,000
ಎಚ್‌ಆರ್‌ಎ – 2,40,000
ಎಲ್‌ಟಿಎ – 36,000
ಸ್ಪೆಷಲ್ ಅಲೊವೆನ್ಸ್ – 1,75,540
ಕಂಪನಿಯ ಪಿಎಫ್ ಪಾಲು – 21,600
ಗ್ರಾಚ್ಯುಟಿ – 28,860
ಗುಂಪು ಆರೋಗ್ಯ ವಿಮೆ – 18,000
ವೇರಿಯಬಲ್ ಪೇ (ಟಾರ್ಗೆಟ್) – 1,80,000
ಜಾಯ್ನಿಂಗ್ ಬೋನಸ್ – 1,00,000
ರಿಟೆನ್ಷನ್ ಬೋನಸ್ – 1,00,000
ಒಟ್ಟು ಸಿಟಿಸಿ – 15,00,000

ಸಿಟಿಸಿ ಎಂದರೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಕಂಪನಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವ ಖರ್ಚು. ಆ ಖರ್ಚಿನಲ್ಲಿ ನಿಮಗೆ ಸಂಬಳವಾಗಿ ಬರುವುದು ಒಂದು ಭಾಗ ಮಾತ್ರ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದು ಸುಲಭ.

ಮೊದಲ ನಾಲ್ಕು ಸಾಲು ಪ್ರತಿ ತಿಂಗಳೂ ಬರುವ ಹಣ. ತಿಂಗಳಿಗೆ ಬೇಸಿಕ್ 50,000, ಎಚ್‌ಆರ್‌ಎ 20,000, ಎಲ್‌ಟಿಎ 3,000, ಸ್ಪೆಷಲ್ ಅಲೊವೆನ್ಸ್ 14,628. ಒಟ್ಟು 87,628. ಇವುಗಳಲ್ಲಿ ಸ್ಪೆಷಲ್ ಅಲೊವೆನ್ಸ್ ಮಾತ್ರ ಯಾಕೆ ಅಷ್ಟು ಚಿಲ್ಲರೆ ಚಿಲ್ಲರೆಯಾಗಿದೆ ಎಂದು ಗಮನಿಸಿದಿರಾ? ಬೇಸಿಕ್ಕಿಗೆ ಒಂದು ಸೂತ್ರವಿದೆ, ಎಚ್‌ಆರ್‌ಎಗೆ ಬೇಸಿಕ್ಕಿನ ಶೇ 40 ಎಂಬ ಸೂತ್ರವಿದೆ, ಪಿಎಫ್ ಮತ್ತು ಗ್ರಾಚ್ಯುಟಿಗೆ ಕಾನೂನಿನ ಸೂತ್ರವಿದೆ. ಸ್ಪೆಷಲ್ ಅಲೊವೆನ್ಸಿಗೆ ಯಾವ ಸೂತ್ರವೂ ಇಲ್ಲ. ಹದಿನೈದು ಲಕ್ಷದಿಂದ ಉಳಿದೆಲ್ಲವನ್ನೂ ಕಳೆದ ಮೇಲೆ ಮಿಕ್ಕದ್ದನ್ನು ಆ ಸಾಲಿನಲ್ಲಿ ಕೂರಿಸುತ್ತಾರೆ. ಹಾಗಾಗಿ ಸಿಟಿಸಿಯೊಳಕ್ಕೆ ಕಂಪನಿ ಹೊಸದೇನಾದರೂ ಸೇರಿಸಿದರೆ, ಉದಾಹರಣೆಗೆ ವಿಮೆಯ ಕಂತು ಹೆಚ್ಚಾದರೆ, ಕರಗುವುದು ಈ ಸಾಲು. ಅಂದರೆ ಪ್ರತಿ ತಿಂಗಳ ನಿಮ್ಮ ಕೈಯ ಹಣ. ವಾರ್ಷಿಕ ಪರಿಷ್ಕರಣೆಯ ಪತ್ರ ಬಂದಾಗ ಹಳೆಯ ಮತ್ತು ಹೊಸ ಅನೆಕ್ಷರ್‌ಗಳನ್ನು ಅಕ್ಕಪಕ್ಕ ಇಟ್ಟು ಮೊದಲು ನೋಡಬೇಕಾದ್ದು ಇದನ್ನೇ.

ಎಲ್‌ಟಿಎ ಬಗ್ಗೆ ಒಂದು ಮಾತು. ಕೆಲವು ಕಡೆ ಅದು ತಿಂಗಳ ಸಂಬಳದ ಜೊತೆಗೇ ಬರುತ್ತದೆ. ಕೆಲವು ಕಡೆ ಪ್ರಯಾಣದ ಬಿಲ್ಲು ಕೊಟ್ಟರೆ ಮಾತ್ರ, ಇಲ್ಲವೇ ವರ್ಷದ ಕೊನೆಗೆ ಒಟ್ಟಿಗೆ. ಟಿಪ್ಪಣಿಯಲ್ಲಿ ಏನೂ ಬರೆದಿರದಿದ್ದರೆ ಕೇಳಿಬಿಡುವುದು ಒಳ್ಳೆಯದು. ಇಲ್ಲಿ ತಿಂಗಳು ತಿಂಗಳೂ ಬರುತ್ತದೆ ಎಂದಿಟ್ಟುಕೊಂಡಿದ್ದೇನೆ.

ಈ 87,628ರಿಂದ ಕಡಿತವಾಗುವುದು ಎರಡು. ಉದ್ಯೋಗಿಯ ಪಿಎಫ್ ಪಾಲು 1,800, ಕರ್ನಾಟಕದ ವೃತ್ತಿ ತೆರಿಗೆ 200 (ಫೆಬ್ರುವರಿಯಲ್ಲಿ 300). ಆದಾಯ ತೆರಿಗೆಗೆ ಆಮೇಲೆ ಬರೋಣ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಖಚಿತ ಸಂಬಳದ ಮೇಲೆ ತೆರಿಗೆ ಬೀಳುವುದಿಲ್ಲ. ಹೀಗೆ ಖಾತೆಗೆ ಬರುವುದು 85,628. ಅಪ್ಪನ ಲೆಕ್ಕದ ಒಂದೂಕಾಲು ಲಕ್ಷಕ್ಕೂ ಇದಕ್ಕೂ ತಿಂಗಳಿಗೆ 39,372 ರೂಪಾಯಿಯ ಅಂತರ. ಮನೆ ಬಾಡಿಗೆ, ಸಾಲದ ಕಂತು, ಚೀಟಿ, ಇಂಥ ತಿಂಗಳ ಬಾಬ್ತುಗಳನ್ನು ಹೊರಬೇಕಾದ್ದು ಈ 85 ಸಾವಿರವೇ ಹೊರತು ಹದಿನೈದು ಲಕ್ಷವಲ್ಲ.

ಮುಂದಿನ ಮೂರು ಸಾಲುಗಳ ಸ್ವಭಾವ ಬೇರೆ. ಪಿಎಫ್, ಗ್ರಾಚ್ಯುಟಿ, ವಿಮೆ ಮೂರೂ ಖಚಿತವೆಂದೇ ಅನೆಕ್ಷರ್ ತೋರಿಸುತ್ತದೆ, ಆದರೆ ಯಾವುದೂ ಕೈಗೆ ಬರುವ ಹಣವಲ್ಲ. ಒಟ್ಟು 68,460 ರೂಪಾಯಿ.

ಇವುಗಳಲ್ಲಿ ಪಿಎಫ್ ನಿಜಕ್ಕೂ ನಿಮ್ಮದು. ಕಾನೂನಿನ ಪ್ರಕಾರ ಉದ್ಯೋಗಿ ಶೇ 12, ಕಂಪನಿ ಶೇ 12. ಆದರೆ ಕಡ್ಡಾಯವಾದ ಲೆಕ್ಕ ತಿಂಗಳಿಗೆ 15,000 ರೂಪಾಯಿ ವೇತನದವರೆಗೆ ಮಾತ್ರ. 2014ರ ಸೆಪ್ಟೆಂಬರ್‌ನಿಂದ ಇರುವ ಮಿತಿ ಅದು. ಅದರ ಶೇ 12 ಅಂದರೆ 1,800. ಹಾಗಾಗಿ ಬೇಸಿಕ್ 50,000 ಇದ್ದರೂ ಅನೇಕ ಕಂಪನಿಗಳು 1,800ಕ್ಕೇ ನಿಲ್ಲಿಸುತ್ತವೆ. ಇನ್ನು ಕೆಲವು ಕಂಪನಿಗಳು ಪೂರ್ತಿ ಬೇಸಿಕ್ಕಿನ ಶೇ 12 ಕಟ್ಟುತ್ತವೆ. ನಮ್ಮ ಉದಾಹರಣೆಯಲ್ಲಿ ಅದು ತಿಂಗಳಿಗೆ 6,000 ಆಗುತ್ತದೆ. ಒಟ್ಟು ಸಿಟಿಸಿ ಬದಲಾಗುವುದಿಲ್ಲವಾದ್ದರಿಂದ ಕಂಪನಿಯ ಪಾಲು ಹೆಚ್ಚಾದಷ್ಟೂ ಸ್ಪೆಷಲ್ ಅಲೊವೆನ್ಸ್ ಇಳಿಯುತ್ತದೆ, ಅದರ ಮೇಲೆ ನಿಮ್ಮ ಪಾಲೂ ಏರುತ್ತದೆ. ಕೈಗೆ ಬರುವುದು ತಿಂಗಳಿಗೆ 8,400 ಕಡಿಮೆ, ಉಳಿತಾಯ ಅಷ್ಟೇ ಹೆಚ್ಚು. ಯಾವುದು ಒಳ್ಳೆಯದು ಎಂಬುದು ಅವರವರ ಮನೆಯ ಪರಿಸ್ಥಿತಿಗೆ ಬಿಟ್ಟದ್ದು. ಎರಡು ಆಫರ್‌ಗಳನ್ನು ಹೋಲಿಸುವಾಗ ಮಾತ್ರ ಎರಡರಲ್ಲೂ ಪಿಎಫ್ ಒಂದೇ ರೀತಿ ಲೆಕ್ಕ ಹಾಕಿದ್ದಾರೆಯೇ ಎಂದು ನೋಡದೆ ಹೋಲಿಸಬಾರದು.

ಗ್ರಾಚ್ಯುಟಿಯ ಸಾಲನ್ನು ನಾನು ಖಚಿತ ಹಣದ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ವರ್ಷದ ಸೇವೆಗೆ 15 ದಿನಗಳ ವೇತನ, ತಿಂಗಳಿಗೆ 26 ಕೆಲಸದ ದಿನಗಳೆಂದು ಹಿಡಿದು. 15ನ್ನು 26ರಿಂದ, ಮತ್ತೆ 12ರಿಂದ ಭಾಗಿಸಿದರೆ ಬರುವುದು ಬೇಸಿಕ್ಕಿನ ಶೇ 4.81. ಅನೆಕ್ಷರ್‌ನ 28,860 ಬಂದದ್ದು ಹಾಗೆ. ಆದರೆ ಕಾಯಂ ನೌಕರರಿಗೆ ಈ ಹಣ ಸಿಗಬೇಕಾದರೆ ಅದೇ ಕಂಪನಿಯಲ್ಲಿ ಐದು ವರ್ಷ ಸತತ ಸೇವೆಯಾಗಬೇಕು; ಸೇವೆಯಲ್ಲಿರುವಾಗ ಮರಣ ಅಥವಾ ಅಂಗವಿಕಲತೆ ಬಂದರೆ ಮಾತ್ರ ಈ ಷರತ್ತಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರ ಅನೆಕ್ಷರ್‌ನಲ್ಲಿ ಪ್ರತಿ ವರ್ಷವೂ ಕಾಣಿಸಿಕೊಂಡು ಒಮ್ಮೆಯೂ ಕೈಗೆ ಬಾರದ ಹಣವಿದು. ಮೂರು ವರ್ಷಕ್ಕೆ ಬಿಟ್ಟರೆ ಸಿಟಿಸಿಯಲ್ಲಿ ಎಣಿಸಿದ್ದ 86 ಸಾವಿರಕ್ಕೂ ಮಿಕ್ಕ ಮೊತ್ತ ಹೋದಂತೆ. ಸೇರಿದ ಜಾಗದಲ್ಲಿ ಐದು ವರ್ಷ ಇರುವ ಯೋಚನೆ ಇಲ್ಲದಿದ್ದರೆ ಆ ಸಾಲಿನ ಮುಂದೆ ಸೊನ್ನೆ ಬರೆದುಕೊಂಡೇ ಮುಂದೆ ಓದಿ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಇಲ್ಲಿ ಒಂದೆರಡು ಬದಲಾವಣೆಗಳಾಗಿವೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ಕೆಲಸ ಮಾಡುವವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಬರುತ್ತದೆ. ಹಾಗೆಯೇ ವೇತನ ಎಂದರೆ ಏನು ಎಂಬ ವ್ಯಾಖ್ಯೆಯೂ ಬದಲಾಗಿದೆ. ಎಚ್‌ಆರ್‌ಎಯಂಥ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನವೆಂದೇ ಲೆಕ್ಕ. ಬೇಸಿಕ್ಕನ್ನು ತೀರಾ ಸಣ್ಣದಾಗಿಟ್ಟು ಭತ್ಯೆಗಳನ್ನು ಉಬ್ಬಿಸುವ ಹಳೆಯ ಪದ್ಧತಿಗೆ ಇದು ಕಡಿವಾಣ. ಬೇಸಿಕ್ ಒಟ್ಟು ಮೊತ್ತದ ಕಾಲು ಭಾಗವೋ ಮೂರನೇ ಒಂದು ಭಾಗವೋ ಇರುವ ಅನೆಕ್ಷರ್ ಕೈಗೆ ಬಂದರೆ, ಪಿಎಫ್ ಮತ್ತು ಗ್ರಾಚ್ಯುಟಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಿದ್ದೀರಿ ಎಂದು ಕೇಳುವುದಕ್ಕೆ ಈಗ ಕಾನೂನಿನ ಆಧಾರವಿದೆ.

ವಿಮೆಯ 18,000ವನ್ನು ಹೆಚ್ಚು ಹೊತ್ತು ನೋಡಬೇಕಾಗಿಲ್ಲ. ಅದು ಖರ್ಚು, ಪ್ರಯೋಜನವೂ ನಿಜ. ಅಪ್ಪ ಅಮ್ಮ ಸೇರಿದ್ದಾರೆಯೇ ಎಂಬುದೊಂದನ್ನು ತಿಳಿದುಕೊಂಡರೆ ಸಾಕು.

ಇಲ್ಲಿಯವರೆಗಿನದನ್ನು ಕೂಡಿದರೆ 11,20,000. ಉಳಿದ 3,80,000 ರೂಪಾಯಿಗೆ ಟಿಪ್ಪಣಿಗಳನ್ನು ಓದಲೇಬೇಕು.

ವೇರಿಯಬಲ್ ಪೇ ಎದುರಿಗೆ ‘ಟಾರ್ಗೆಟ್’ ಎಂದಿದೆ. ಎಲ್ಲವೂ ಅಂದುಕೊಂಡಂತೆ ನಡೆದರೆ 1,80,000 ಎಂದರ್ಥ. ಕೆಲವು ಪತ್ರಗಳಲ್ಲಿ ಅದರ ಬದಲು ‘ಅಪ್ ಟು’ ಎಂದಿರುತ್ತದೆ. ಆಗ ಆ ಮೊತ್ತ ಮೇಲ್ಮಿತಿ. ಎಷ್ಟು ಚೆನ್ನಾಗಿ ದುಡಿದರೂ ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಾಗಲು ಮಾತ್ರ ಅವಕಾಶ. ಕೊನೆಗೆ ಸಿಗುವುದು ಸಾಮಾನ್ಯವಾಗಿ ಎರಡು ಅಂಶಗಳ ಗುಣಾಕಾರ: ಕಂಪನಿಯ ಫಲಿತಾಂಶ ಹಾಗೂ ನಿಮ್ಮ ರೇಟಿಂಗ್. ಕಂಪನಿ ಶೇ 80 ಎಂದು ಘೋಷಿಸಿ, ನಿಮ್ಮ ರೇಟಿಂಗಿಗೆ ಶೇ 90 ಬಂದರೆ ಬಹಳ ಜನ 85ರ ಆಸುಪಾಸು ಸಿಗುತ್ತದೆ ಎಂದುಕೊಳ್ಳುತ್ತಾರೆ. ಗುಣಿಸಿದರೆ ಬರುವುದು 72. ಅಂದರೆ 1,29,600. ಕಂಪನಿಗೆ ಒಳ್ಳೆಯ ವರ್ಷವಲ್ಲದಿದ್ದರೆ ನಿಮ್ಮ ಕೆಲಸ ಎಷ್ಟೇ ಚೆನ್ನಾಗಿದ್ದರೂ ಹಣ ಇಳಿಯುತ್ತದೆ. 2022ರ ಏಪ್ರಿಲ್–ಜೂನ್ ತ್ರೈಮಾಸಿಕಕ್ಕೆ ಇನ್ಫೋಸಿಸ್ ಸರಾಸರಿ ಶೇ 70ರಷ್ಟು ವೇರಿಯಬಲ್ ಕೊಟ್ಟದ್ದು, ವಿಪ್ರೊ ಮಧ್ಯಮ ಮತ್ತು ಹಿರಿಯ ಶ್ರೇಣಿಯವರದ್ದನ್ನು ತಡೆಹಿಡಿದದ್ದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಬೆಂಗಳೂರಿನ ಇಂಥ ದೊಡ್ಡ ಕಂಪನಿಗಳಲ್ಲೇ ಹೀಗಾಗುವುದಾದರೆ, ವೇರಿಯಬಲ್ಲನ್ನು ಪೂರ್ತಿ ಎಣಿಸಿಕೊಂಡು ಸಾಲ ಮಾಡುವುದು ಅಪಾಯ.

ಮೊತ್ತಕ್ಕಿಂತ ಹೆಚ್ಚು ಜನರಿಗೆ ಪೆಟ್ಟು ಕೊಡುವುದು ತಾರೀಖು. ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: ಹಣ ಪಾವತಿಸುವ ದಿನ ಉದ್ಯೋಗಿ ಕಂಪನಿಯ ರೋಲ್ಸ್‌ನಲ್ಲಿರಬೇಕು, ನೋಟಿಸ್ ಪೀರಿಯಡ್‌ನಲ್ಲಿ ಇರಬಾರದು. ನಮ್ಮ ಮಾದರಿಯಲ್ಲಿ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಪಾವತಿ ಜೂನ್ ಸಂಬಳದ ಜೊತೆ. ಆಕೆ ಹನ್ನೆರಡು ತಿಂಗಳೂ ದುಡಿದು, ಒಳ್ಳೆಯ ರೇಟಿಂಗ್ ಪಡೆದು, ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರೆ ವರ್ಷವಿಡೀ ದುಡಿದ ವೇರಿಯಬಲ್ ಪೂರ್ತಿ ಹೋಗುತ್ತದೆ. 90 ದಿನಗಳ ನೋಟಿಸ್ ಇದ್ದರೆ ಮೇಯಲ್ಲಿ ರಾಜೀನಾಮೆ ಕೊಟ್ಟವಳು ಜೂನ್‌ನಲ್ಲೂ ಕಚೇರಿಗೆ ಹೋಗುತ್ತಲೇ ಇರುತ್ತಾಳೆ, ಆದರೂ ಹಣವಿಲ್ಲ. ಸೇರುವಾಗಲೂ ಇಂಥದೇ ಗೆರೆಯೊಂದಿರುತ್ತದೆ. ಜನವರಿ 1ರ ನಂತರ ಸೇರಿದವರು ಆ ವರ್ಷದ ವೇರಿಯಬಲ್‌ಗೆ ಅರ್ಹರಲ್ಲ ಎಂಬಂಥ ಟಿಪ್ಪಣಿ ಇದ್ದರೆ, ಫೆಬ್ರುವರಿಯಲ್ಲಿ ಸೇರುವವರಿಗೆ ಮೊದಲ ವೇರಿಯಬಲ್ ಬರುವುದು ಹದಿನಾರು ತಿಂಗಳ ನಂತರ. ಸೇರುವ ತಾರೀಖನ್ನು ಒಂದೆರಡು ವಾರ ಹಿಂದೆ ಮುಂದೆ ಮಾಡಲು ಸಾಧ್ಯವಿದ್ದರೆ ಇಂಥ ಗೆರೆಗಳನ್ನು ನೋಡಿಕೊಂಡೇ ಮಾಡಬೇಕು.

ಇನ್ನು ಷರತ್ತಿನ ಹಣ. ಜಾಯ್ನಿಂಗ್ ಬೋನಸ್ ಒಂದು ಲಕ್ಷ, ಮೊದಲ ಸಂಬಳದ ಜೊತೆ. ರಿಟೆನ್ಷನ್ ಬೋನಸ್ ಒಂದು ಲಕ್ಷ, 18 ತಿಂಗಳು ಮುಗಿದ ಮೇಲೆ. ಎರಡೂ ಒಮ್ಮೆ ಮಾತ್ರ ಬರುವ ಹಣ, ಅದೂ ಎರಡು ಬೇರೆ ಬೇರೆ ವರ್ಷಗಳಲ್ಲಿ. ಆದರೂ ಅನೆಕ್ಷರ್ ಅವನ್ನು ಒಂದೇ ವರ್ಷದ ಸಿಟಿಸಿಯೊಳಗೆ ಕೂಡಿದೆ. ಹದಿನೈದು ಲಕ್ಷ ಎಂಬ ಮೊತ್ತ ಆಕೆಯ ಕೆಲಸದ ಯಾವ ಒಂದು ವರ್ಷದಲ್ಲೂ ಬರುವುದಿಲ್ಲ. ಆ ಎರಡು ಲಕ್ಷವನ್ನು ಹೊರಗಿಟ್ಟರೆ ಇದು ಹದಿಮೂರು ಲಕ್ಷದ ಕೆಲಸ. ವೇರಿಯಬಲ್ಲನ್ನೂ ಹೊರಗಿಟ್ಟರೆ ಹನ್ನೊಂದು ಲಕ್ಷ ಇಪ್ಪತ್ತು ಸಾವಿರದ ಕೆಲಸ. ಎರಡು ವರ್ಷದ ನಂತರ ಸಂಬಳ ಏರಿಸುವಾಗ ಶೇಕಡಾವಾರು ಲೆಕ್ಕ ಹಾಕುವುದು ಸಾಮಾನ್ಯವಾಗಿ ಖಚಿತ ಭಾಗದ ಮೇಲೇ.

ಇವುಗಳಿಗೆ ಅಂಟಿದ ವಾಪಸಾತಿಯ ಷರತ್ತನ್ನು ಎರಡು ಬಾರಿ ಓದಿ. ಜಾಯ್ನಿಂಗ್ ಬೋನಸ್ ಪಡೆದ 12 ತಿಂಗಳೊಳಗೆ ಕೆಲಸ ಬಿಟ್ಟರೆ ಪೂರ್ತಿ ಮೊತ್ತ ವಾಪಸ್. ರಿಟೆನ್ಷನ್ ಬೋನಸ್‌ಗೂ ಅಷ್ಟೇ, ಪಡೆದ ದಿನದಿಂದ 12 ತಿಂಗಳು. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು, ಹನ್ನೊಂದು ತಿಂಗಳು ದುಡಿದು ಬಿಟ್ಟರೂ ಪೂರ್ತಿ ಕೊಡಬೇಕೇ, ಅಥವಾ ಉಳಿದ ತಿಂಗಳುಗಳಿಗೆ ತಕ್ಕಷ್ಟೇ? ಎರಡನೆಯದು, ‘ಯಾವುದೇ ಕಾರಣಕ್ಕೆ’ ಕೆಲಸ ಕೊನೆಗೊಂಡರೆ ಎಂದು ಬರೆದಿದೆಯೇ? ಹಾಗಿದ್ದರೆ ಕಂಪನಿಯೇ ಲೇಆಫ್ ಮಾಡಿ ಮನೆಗೆ ಕಳಿಸಿದರೂ ಬೋನಸ್ ವಾಪಸ್ ಕೇಳಲು ಆ ಪದಗಳು ಸಾಕು. ತಾನಾಗಿ ರಾಜೀನಾಮೆ ಕೊಟ್ಟರೆ ಅಥವಾ ದುರ್ನಡತೆಗಾಗಿ ವಜಾ ಮಾಡಿದರೆ ಮಾತ್ರ ಎಂದು ತಿದ್ದಿಸಿಕೊಳ್ಳುವುದು ನ್ಯಾಯವಾದ ಕೋರಿಕೆ, ಅನೇಕ ಬಾರಿ ಒಪ್ಪುತ್ತಾರೆ ಕೂಡ. ಮೂರನೆಯದು, ವಾಪಸ್ ಕೊಡಬೇಕಾದ್ದು ತೆರಿಗೆ ಕಡಿತಕ್ಕೆ ಮೊದಲಿನ ಮೊತ್ತವೇ, ಕೈಗೆ ಬಂದ ಮೊತ್ತವೇ?

ಈ ಮೂರನೆಯ ಪ್ರಶ್ನೆಯ ತೂಕ ತಿಳಿಯಬೇಕಾದರೆ ಆಕೆಯ ಎರಡನೆಯ ವರ್ಷದ ತೆರಿಗೆ ಲೆಕ್ಕ ಮಾಡಬೇಕು. ಏಪ್ರಿಲ್‌ನಲ್ಲಿ ಸೇರಿದವಳಿಗೆ ಎರಡನೆಯ ಆರ್ಥಿಕ ವರ್ಷದ ಜೂನ್‌ನಲ್ಲಿ ವೇರಿಯಬಲ್, ಅಕ್ಟೋಬರ್‌ನಲ್ಲಿ ರಿಟೆನ್ಷನ್ ಬೋನಸ್ ಬರುತ್ತದೆ. ಸಂಬಳ ಏರಿಲ್ಲ, ವೇರಿಯಬಲ್ ಪೂರ್ತಿ ಬಂತು ಎಂದುಕೊಳ್ಳೋಣ. ತಿಂಗಳ ಸಂಬಳದ 10,51,540 ಮತ್ತು ವೇರಿಯಬಲ್ 1,80,000 ಸೇರಿ 12,31,540. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11,56,540. 2025-26ರಿಂದ ಜಾರಿಯಲ್ಲಿರುವ ದರಗಳಂತೆ ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ, ಹಾಗಾಗಿ ಆಕೆ ಕಟ್ಟಬೇಕಾದ ತೆರಿಗೆ ಸೊನ್ನೆ.

ಈಗ ರಿಟೆನ್ಷನ್ ಬೋನಸ್ ಒಂದು ಲಕ್ಷ ಸೇರಿಸಿ. ತೆರಿಗೆಗೆ ಒಳಪಡುವ ಆದಾಯ 12,56,540 ಆಯಿತು, ಗೆರೆ ದಾಟಿತು. ಸಾಮಾನ್ಯ ದರದಂತೆ ತೆರಿಗೆ 68,481. ಆದರೆ ಗೆರೆಯನ್ನು ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಇದೆ: ಹನ್ನೆರಡು ಲಕ್ಷದ ಮೇಲೆ ಎಷ್ಟು ಆದಾಯವಿದೆಯೋ ಅದಕ್ಕಿಂತ ಹೆಚ್ಚು ತೆರಿಗೆ ಇಲ್ಲ. ಹಾಗಾಗಿ ತೆರಿಗೆ 56,540, ಅದರ ಮೇಲೆ ಶೇ 4 ಸೆಸ್, ಒಟ್ಟು 58,802. ರಿಲೀಫ್ ಎಂದು ಹೆಸರಿದ್ದರೂ, ಗೆರೆಯ ಮೇಲೆ ಬಿದ್ದ ಪ್ರತಿ ರೂಪಾಯಿಯೂ ತೆರಿಗೆಗೇ ಹೋಗುವ ಸ್ಥಿತಿ ಇದು. ಒಂದು ಲಕ್ಷದ ಬೋನಸ್‌ನಲ್ಲಿ ಆಕೆಗೆ ಉಳಿದದ್ದು 41,198.

ಮುಂದಿನ ಮೇ ತಿಂಗಳಲ್ಲಿ ಆಕೆಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿ, ಬಿಟ್ಟು ಹೊರಟಳು. 12 ತಿಂಗಳಾಗಿಲ್ಲ. ಷರತ್ತಿನಲ್ಲಿ ಪೂರ್ತಿ ಮೊತ್ತ ಎಂದಿದ್ದರೆ ಕೊನೆಯ ಲೆಕ್ಕದಲ್ಲಿ ಒಂದು ಲಕ್ಷ ಕಡಿತ. ಕೈಗೆ ಬಂದದ್ದು 41 ಸಾವಿರ, ಹೋದದ್ದು ಒಂದು ಲಕ್ಷ. ಅದೇ ಆರ್ಥಿಕ ವರ್ಷದೊಳಗೆ ವಾಪಸಾಗಿದ್ದರೆ ಕಂಪನಿ ತನ್ನ ಪೇರೋಲ್‌ನಲ್ಲಿ ತೆರಿಗೆಯನ್ನು ಸರಿಪಡಿಸಲು ದಾರಿಯಿರುತ್ತಿತ್ತು. ಮಾರ್ಚ್ ದಾಟಿದ್ದರಿಂದ ಸರ್ಕಾರಕ್ಕೆ ಸೇರಿದ ಆ ತೆರಿಗೆಯನ್ನು ಹಿಂಪಡೆಯುವುದು ತಲೆನೋವಿನ ಕೆಲಸ. ಆದ್ದರಿಂದ ‘ತೆರಿಗೆ ಕಳೆದು ಉದ್ಯೋಗಿಗೆ ನಿಜವಾಗಿ ಪಾವತಿಯಾದ ಮೊತ್ತ’ ಎಂಬ ಆರು ಪದಗಳನ್ನು ಟಿಪ್ಪಣಿಯಲ್ಲಿ ಬರೆಸಿಕೊಳ್ಳುವುದು ಸಾವಿರಾರು ರೂಪಾಯಿ ಉಳಿಸುವ ಕೆಲಸ. ಮತ್ತೊಂದು ಉಪಾಯವೂ ಇದೆ. ರಿಟೆನ್ಷನ್ ಬೋನಸ್ ಬದಲಿಗೆ ಅದರ ಅರ್ಧದಷ್ಟನ್ನು ಖಚಿತ ಸಂಬಳಕ್ಕೆ ಸೇರಿಸಿ ಎಂದು ಕೇಳಿ ನೋಡಿ. ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ ಹೆಚ್ಚುತ್ತದೆ, ಷರತ್ತಿಲ್ಲ, ಪ್ರತಿ ವರ್ಷವೂ ಬರುತ್ತದೆ, ಮುಂದಿನ ಏರಿಕೆಗೂ ಅದೇ ಬುನಾದಿ.

ಇಂಥ ಷರತ್ತುಗಳೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಸಹಿ ಹಾಕು ಪರವಾಗಿಲ್ಲ ಎಂದು ಧೈರ್ಯ ಹೇಳುವವರು ಸ್ನೇಹಿತರಲ್ಲಿ ಇದ್ದೇ ಇರುತ್ತಾರೆ. ವಿಜಯಾ ಬ್ಯಾಂಕಿನ ಪ್ರಕರಣವನ್ನು ಅವರಿಗೆ ಹೇಳಬೇಕು. ಮೂರು ವರ್ಷ ಕೆಲಸ ಮಾಡಬೇಕು, ಮೊದಲೇ ಬಿಟ್ಟರೆ ಎರಡು ಲಕ್ಷ ಕೊಡಬೇಕು ಎಂಬ ಕರಾರಿಗೆ ಸಹಿ ಹಾಕಿದ್ದ ಅಧಿಕಾರಿಯೊಬ್ಬರು ಅವಧಿಗೆ ಮೊದಲೇ ಬಿಟ್ಟು, ಆಕ್ಷೇಪಣೆಯೊಂದಿಗೆ ಹಣ ಕಟ್ಟಿ, ಕರ್ನಾಟಕ ಹೈಕೋರ್ಟಿಗೆ ಹೋದರು. ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಬ್ಯಾಂಕಿನ ಕರಾರನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಮತ್ತೆ ನೇಮಕಾತಿ ನಡೆಸಲು ಮಾಡಬೇಕಾದ ಖರ್ಚನ್ನು ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತ್ತಾದ್ದರಿಂದ ಪ್ರತಿ ಖಾಸಗಿ ಕಂಪನಿಯ ಪ್ರತಿ ಷರತ್ತಿಗೂ ಇದು ಹಾಗೇ ಅನ್ವಯಿಸುತ್ತದೆ ಎನ್ನಲಾಗದು. ಸಹಿ ಹಾಕಿದ ಕರಾರು ಬರೀ ಕಾಗದವಲ್ಲ ಎಂಬುದಂತೂ ಸ್ಪಷ್ಟ.

ಸ್ಟಾರ್ಟಪ್‌ಗಳ ಅನೆಕ್ಷರ್‌ನಲ್ಲಿ ಇಸಾಪ್ ಎಂಬ ಸಾಲೂ ಇರಬಹುದು. ಭಾರತದ ಕಂಪನಿ ನಿಯಮಗಳ ಪ್ರಕಾರ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷವಾಗದೆ ಅದರ ಹಕ್ಕು ನಿಮ್ಮದಾಗುವುದಿಲ್ಲ. ಸಾಮಾನ್ಯವಾಗಿ ಪೂರ್ತಿ ಕೈಗೆ ಬರಲು ನಾಲ್ಕು ವರ್ಷ ಬೇಕು. ಷೇರುಪೇಟೆಯಲ್ಲಿ ಇನ್ನೂ ಪಟ್ಟಿಯಾಗದ ಕಂಪನಿಯಾದರೆ ಮಾರುವ ದಾರಿಯೂ ಸುಲಭವಲ್ಲ. ನಾಲ್ಕು ವರ್ಷದ ಒಟ್ಟು ಬೆಲೆಯನ್ನು ಒಂದೇ ವರ್ಷದ ಸಿಟಿಸಿಗೆ ಕೂಡಿದ್ದಾರೆಯೇ ಎಂಬುದನ್ನು ಮೊದಲು ನೋಡಿ. ತಿಂಗಳ ಖರ್ಚಿನ ಲೆಕ್ಕದಲ್ಲಿ ಮಾತ್ರ ಅದಕ್ಕೆ ಜಾಗ ಕೊಡಬೇಡಿ.

ಹೀಗೆ ಬಿಡಿಸಿಟ್ಟ ಮೇಲೆ ಈ ಆಫರ್ ಒಳ್ಳೆಯದೋ ಅಲ್ಲವೋ? ಅದು ಆಕೆ ಈಗಿರುವ ಕೆಲಸದ ಮೇಲೆ ನಿಂತಿದೆ. ಈಗಿನ ಕಂಪನಿಯಲ್ಲಿ ಆಕೆಯ ಸಿಟಿಸಿ ಹನ್ನೊಂದು ಲಕ್ಷ, ಅದರಲ್ಲಿ ತಿಂಗಳು ತಿಂಗಳೂ ಬರುವ ಸಂಬಳ ವರ್ಷಕ್ಕೆ 9,60,000 ಎಂದಿಟ್ಟುಕೊಳ್ಳಿ. ನೇಮಕಾತಿಯವರು ಫೋನಿನಲ್ಲಿ ‘ಶೇ 36 ಹೈಕ್’ ಎನ್ನುತ್ತಾರೆ. ಹನ್ನೊಂದರಿಂದ ಹದಿನೈದಕ್ಕೆ, ಅವರ ಲೆಕ್ಕ ಸರಿಯೇ. ತಿಂಗಳ ಸಂಬಳವನ್ನು ತಿಂಗಳ ಸಂಬಳದ ಪಕ್ಕದಲ್ಲಿಟ್ಟರೆ 9,60,000ದಿಂದ 10,51,540ಕ್ಕೆ, ಅಂದರೆ ಶೇ 9.5. ಈಗಿನ ಕಡೆ ನಾಲ್ಕು ವರ್ಷ ಸೇವೆಯಾಗಿದ್ದು, ಇನ್ನೊಂದು ವರ್ಷಕ್ಕೆ ಗ್ರಾಚ್ಯುಟಿ ಬರುವಂತಿದ್ದರೆ ಬಿಟ್ಟು ಹೋಗುವುದರಿಂದ ಆಗುವ ನಷ್ಟವನ್ನೂ ಕಳೆಯಬೇಕು. ಇಷ್ಟಾದ ಮೇಲೂ ಕೆಲಸ ಇಷ್ಟವಾದರೆ ಸೇರಬಹುದು. ಶೇ 36 ಎಂದು ನಂಬಿ ಸೇರಬಾರದು.

ಎಚ್‌ಆರ್‌ಗೆ ಕಳಿಸುವ ಇಮೇಲ್‌ನಲ್ಲಿ ಕೇಳಬೇಕಾದ್ದು ಬಹಳವೇನಿಲ್ಲ. ಒಂದು ಸಾಮಾನ್ಯ ತಿಂಗಳ ಮಾದರಿ ಪೇಸ್ಲಿಪ್ ಕೊಡಿ ಎನ್ನಿ. ಹತ್ತು ಪ್ರಶ್ನೆಗಳಿಗೆ ಅದೊಂದೇ ಉತ್ತರ. ನಿಮ್ಮ ಶ್ರೇಣಿಯವರಿಗೆ ಹಿಂದಿನ ಎರಡು ವರ್ಷ ಸರಾಸರಿ ಎಷ್ಟು ಶೇಕಡಾ ವೇರಿಯಬಲ್ ಸಿಕ್ಕಿತು ಎಂದು ಕೇಳಿ. ವಾಪಸಾತಿಯ ಮೂರು ಪ್ರಶ್ನೆಗಳನ್ನು ಕೇಳಿ. ಉತ್ತರ ಫೋನಿನಲ್ಲಿ ಬಂದರೆ, ‘ನೀವು ಹೇಳಿದ್ದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ಸರಿಯೇ?’ ಎಂದು ಬರೆದು ಕಳಿಸಿ ಉತ್ತರ ಪಡೆಯಿರಿ. ಬಹುತೇಕ ಆಫರ್ ಲೆಟರ್‌ಗಳ ಕೊನೆಯಲ್ಲಿ, ಈ ಪತ್ರದಲ್ಲಿರುವುದೇ ಪೂರ್ತಿ ಒಪ್ಪಂದ, ಇದಕ್ಕೆ ಮೊದಲು ಆಡಿದ ಮಾತುಗಳಾವುವೂ ಲೆಕ್ಕಕ್ಕಿಲ್ಲ ಎಂಬ ಅಂಶವಿರುತ್ತದೆ. ‘ನಮ್ಮಲ್ಲಿ ವೇರಿಯಬಲ್ ಯಾವಾಗಲೂ ನೂರಕ್ಕೆ ನೂರು ಮೇಡಂ’ ಎಂದು ಫೋನಿನಲ್ಲಿ ಹೇಳಿದ ಭರವಸೆ ಆ ಒಂದು ವಾಕ್ಯದಿಂದ ಅಳಿಸಿಹೋಗುತ್ತದೆ. ಇಮೇಲ್ ಕೂಡ ಆ ಅಂಶದ ಎದುರು ಪೂರ್ತಿ ಗಟ್ಟಿಯಲ್ಲ, ಆದ್ದರಿಂದ ದೊಡ್ಡ ಮೊತ್ತದ ವಿಷಯವಾದರೆ ಅನೆಕ್ಷರನ್ನೇ ತಿದ್ದಿ ಹೊಸದಾಗಿ ಕಳಿಸಿ ಎಂದು ಕೇಳಬೇಕು.

ಇದೆಲ್ಲ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲೇ ಆಗಬೇಕು. ಕೊಟ್ಟ ಮೇಲೆ ಕೇಳುವವರ ಕೈ ಸೋತಿರುತ್ತದೆ, ಎದುರಿನವರಿಗೂ ಅದು ಗೊತ್ತಿರುತ್ತದೆ. ಸೇರಿದ ಮೇಲೆ ಮೊದಲ ಪೇಸ್ಲಿಪ್ಪನ್ನು ಅನೆಕ್ಷರ್‌ನ ಪಕ್ಕದಲ್ಲಿಟ್ಟು ಮೊದಲ ನಾಲ್ಕು ಸಾಲುಗಳು ಹನ್ನೆರಡರಿಂದ ಭಾಗಿಸಿದಂತೆಯೇ ಇವೆಯೇ ನೋಡಿ, ಎರಡನೆಯ ತಿಂಗಳು ಪಿಎಫ್ ಪಾಸ್‌ಬುಕ್ ತೆರೆದು ಎರಡೂ ಕಡೆಯ ಪಾಲು ಜಮೆಯಾಗಿದೆಯೇ ನೋಡಿ. ಕಂಪನಿಯ 1,800ರಲ್ಲಿ 1,250 ಪಿಂಚಣಿ ಖಾತೆಗೆ, 550 ಪಿಎಫ್ ಖಾತೆಗೆ ಹೋಗಿರುವುದು ಕಂಡರೆ ಗಾಬರಿ ಬೇಡ, ಪಿಂಚಣಿ ಯೋಜನೆಯ ಸದಸ್ಯರಿಗೆ ಅದು ಹಂಚಿಕೆಯಾಗುವುದೇ ಹಾಗೆ.